ಮುದ್ದೆಯ ಒಡಪಿನಲ್ಲಿ ಬಿಟ್ಟ ಸಾಲು

ನಮ್ಮತ್ತೆಯ ನಾಲಿಗೆಗೆ ನಾನು ಹೆದರಿದ್ದು ಮದುವೆಯಾದ ದಿನದಿಂದ. ಅವರ ಗಂಟಲಿಗೆ ಹೆದರತೊಡಗಿದ್ದು ಅವರ ಹಲ್ಲು ಕೀಳಿಸಿದ ಮೇಲೆ. ಎರಡರಲ್ಲಿ ಯಾವ ಹೆದರಿಕೆ ದೊಡ್ಡದು ಅಂತ ಯಾರಾದರೂ ಕೇಳಿದರೆ ಈಗ ಯೋಚನೆ ಮಾಡದೆ ಹೇಳುತ್ತೇನೆ, ಗಂಟಲಿನದು.

ಬನಹಟ್ಟಿಯ ಹಲ್ಲಿನ ಡಾಕ್ಟರು ಕೆಳಗಿನ ಸಾಲನ್ನು ಪೂರ್ತಿ ಕಿತ್ತು, ಮೇಲೆ ನಾಲ್ಕು ಉಳಿಸಿದರು. ಕಟ್ಟಿಸಿದ ಹಲ್ಲು ಬಂತು. ಅತ್ತೆ ಅದನ್ನು ಒಂದು ದಿನ ಹಾಕಿಕೊಂಡು, ಮರುದಿನ ಸ್ಟೀಲ್ ಡಬ್ಬಿಯಲ್ಲಿಟ್ಟು ಗೋಡೆಯ ಗೂಡಿಗೆ ಸರಿಸಿಬಿಟ್ಟರು. "ಮಂದಿ ಹಲ್ಲ ಬಾಯಾಗ ಇಟಕೊಂಡಂಗ ಆಕ್ಕೇತಿ. ನನಗ ಬ್ಯಾಡ" ಅಂದರು. ಅವರು ಬೇಡ ಅಂದರೆ ನಮ್ಮ ಮನೆಯಲ್ಲಿ ಅದು ಬೇಡ, ಅಷ್ಟೇ. ಆದರೆ ಕಡಕ್ ರೊಟ್ಟಿ ಮಾತ್ರ ಬೇಕು! ಎಪ್ಪತ್ತು ವರ್ಷ ಜೋಳದ ರೊಟ್ಟಿ ಕಟಕಟ ಅಂತ ಕಡಿದ ಬಾಯಿ. ಹಾಲಿನಲ್ಲಿ ನೆನೆಸಿ ಕೊಟ್ಟರೆ "ನಾ ಏನ ಕೂಸೇನ?" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಆ ರೊಟ್ಟಿಯ ತುಂಡೇ ಸಿಕ್ಕಿಕೊಂಡಿತು. ಗಂಟಲಲ್ಲಿ ಏನಾದರೂ ಸಿಕ್ಕರೆ ಮನುಷ್ಯರು ಕೆಮ್ಮುತ್ತಾರೆ, ಕೂಗುತ್ತಾರೆ ಅಂತ ನಾನು ತಿಳಿದಿದ್ದೆ. ಅತ್ತೆ ಏನೂ ಮಾಡಲಿಲ್ಲ. ಸುಮ್ಮನೆ ಕೂತಿದ್ದರು, ಕಣ್ಣು ಮಾತ್ರ ದೊಡ್ಡದಾಗಿತ್ತು. ನಾನು ಒಲೆಯ ಮುಂದೆ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದೆ. ಪುಣ್ಯಕ್ಕೆ ಅವತ್ತು ಕೆಲಸಕ್ಕೆ ಸೂಟಿ ಇತ್ತು, ನಮ್ಮನೆಯವರು ಎದುರಿಗೆ ಊಟಕ್ಕೆ ಕೂತಿದ್ದರು. ಎದ್ದು ಬೆನ್ನಿಗೆ ಎರಡು ಬಡಿದರು, ತುಂಡು ಹೊರಗೆ ಬಂತು. ಅವರು ದಿನಾ ಬಸ್ಸಿನಲ್ಲಿ ಜಮಖಂಡಿಗೆ ಕೆಲಸಕ್ಕೆ ಹೋಗುವವರು. ಉಳಿದ ದಿನಗಳಲ್ಲಿ ಆ ಹೊತ್ತಿಗೆ ಮನೆಯಲ್ಲಿ ನಾನೊಬ್ಬಳೇ.

ಅಂದಿನಿಂದ ನಾನು ಅತ್ತೆ ಉಣ್ಣುವಾಗ ಎದುರಿಗೇ ಕೂರುತ್ತಿದ್ದೆ. ಒಂದೊಂದು ತುತ್ತನ್ನೂ ನೋಡುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು. "ಏನವಾ, ನನ್ನ ತುತ್ತ ಎಣಸಾಕತ್ತೀ ಏನ?" ಅಂತಿದ್ದರು. ಆಮೇಲೆ ನನ್ನನ್ನು ಚುಡಾಯಿಸಲಿಕ್ಕೆ ಒಂದು ರೂಢಿ ಮಾಡಿಕೊಂಡರು. ನುಂಗಿದ ಮೇಲೆ ಬಾಯಿ ಅಗಲವಾಗಿ ತೆರೆದು, ನಾಲಿಗೆ ಎತ್ತಿ ತೋರಿಸಿ, "ನೋಡ, ಹೋತು" ಅನ್ನುವುದು. ಚೇಷ್ಟೆಗೆ ಮಾಡುತ್ತಿದ್ದರು. ನನಗೆ ಮಾತ್ರ ಆ ಖಾಲಿ ಬಾಯಿ ಕಂಡಾಗಲೇ ಉಸಿರು ಬರುತ್ತಿತ್ತು.

ನಮ್ಮ ಮನೆಯಿಂದ ಎರಡು ಮನೆ ಆಚೆ ಸರಕಾರಿ ಆಸ್ಪತ್ರೆಯ ನರ್ಸು ಬಾಡಿಗೆಗೆ ಇದ್ದಾಳೆ. ಮದ್ದೂರು ಕಡೆಯವಳು. ನಮ್ಮ ಈ ಚಿಮ್ಮಡ ಊರಿಗೆ ಬಂದು ನಾಲ್ಕು ವರ್ಷವಾದರೂ ಅವಳ ಮಾತು ಹಾಗೇ ಇದೆ. ನಾವೆಲ್ಲ ಅವಳಿಗೆ ಸಿಸ್ಟರ್ ಅನ್ನುತ್ತೇವೆ. ನಾನು ಅವಳ ಮುಂದೆ ಅತ್ತೆಯ ವಿಷಯ ಹೇಳಿ ಕಣ್ಣೀರು ಹಾಕಿದೆ. ಅವಳು ಮೊದಲು ನನಗೆ ಕಲಿಸಿದ್ದು, ಹಾಗೆ ಸಿಕ್ಕಿಕೊಂಡಾಗ ಏನು ಮಾಡಬೇಕು ಅಂತ. "ನೀರು ಕುಡಿಸ್ಬೇಡಿ ಅಕ್ಕ. ಮುಂದಕ್ಕೆ ಬಗ್ಗಿಸಿ. ಎರಡೂ ಹೆಗಲಿನ ಎಲುಬಿನ ನಡುವೆ, ಅಂಗೈಯ ಬುಡದಿಂದ ಐದು ಸಲ ಜೋರಾಗಿ ಹೊಡೀರಿ. ಪಾಪ ಅಂತ ಮೆತ್ತಗೆ ಹೊಡೆದ್ರೆ ಬರಲ್ಲ." ನನ್ನ ಬೆನ್ನನ್ನೇ ಬಗ್ಗಿಸಿ ಜಾಗ ತೋರಿಸಿದಳು. ನಾನು ಮನೆಗೆ ಬಂದು ದೇವರ ಮುಂದೆ ನಿಂತು, ಇದನ್ನು ಮಾಡುವ ಪ್ರಸಂಗ ತರಬೇಡಪ್ಪಾ ಅಂತ ಬೇಡಿಕೊಂಡೆ.

ಎರಡನೆಯದಾಗಿ ಅವಳು ಹೇಳಿದ್ದು ರಾಗಿ ಮುದ್ದೆಯ ವಿಷಯ. "ಹಲ್ಲು ಬೇಕಾಗಲ್ಲ. ಆದ್ರೆ ಸಣ್ಣ ಸಣ್ಣದಾಗಿ ಮುರಿದು, ಸಾರಲ್ಲಿ ಚೆನ್ನಾಗಿ ಅದ್ದಿ ಕೊಡಿ. ದೊಡ್ಡ ತುತ್ತು ಮಾತ್ರ ಬೇಡ."

ರಾಗಿ ನಮ್ಮ ಕಡೆಯ ಕಾಳಲ್ಲ. ಕಬ್ಬು, ಜೋಳ, ಗೋವಿನಜೋಳ ಬೆಳೆಯುವ ಮಂದಿ ನಾವು. ಬನಹಟ್ಟಿಯ ಸಂತೆಯಲ್ಲಿ ರಾಗಿ ಹಿಟ್ಟು ಕೇಳಿದರೆ ಅಂಗಡಿಯವನು "ಕೂಸಿಗೇನ್ರಿ?" ಅಂತ ಕೇಳಿದ. ಹೌದು ಅಂದೆ, ಇನ್ನೇನು ಹೇಳಲಿ. ಮೊದಲ ದಿನ ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಮಾಡಿದೆ. ಪರಾತದಲ್ಲಿ ಹಿಟ್ಟು ಹಾಕಿ, ಮೇಲೆ ಕುದಿಯುವ ಎಸರು ಸುರಿದು, ರೊಟ್ಟಿಗೆ ನಾದಿದ ಹಾಗೆ ನಾದಿ ಉಂಡೆ ಕಟ್ಟಿದೆ. ಮೇಲೆ ಮೆತ್ತಗೆ, ಒಳಗೆ ಹಸಿ ಹಿಟ್ಟು. ಅತ್ತೆ ನಾಲಿಗೆಗೆ ಮುಟ್ಟಿಸಿ ತಟ್ಟೆ ದೂಡಿದರು. "ಇದು ಊಟಕ್ಕೋ, ಗ್ವಾಡಿಗೆ ಬಡಿಯಾಕೋ?" ಅಂದರು.

ಸಿಸ್ಟರ್ ತಾನೇ ಬಂದು ತೋರಿಸಿದಳು. ಮುದ್ದೆ ತಿರುವುವ ಕೋಲು ನಮ್ಮಲ್ಲೆಲ್ಲಿ? ಅಟ್ಟದ ಮೇಲೆ ಮಾವನವರ ಕಾಲದ ಕೈಮಗ್ಗದ ಕಟ್ಟಿಗೆಗಳಿದ್ದವು. ಅದರಲ್ಲಿ ನುಣುಪಾದ ಒಂದು ಕೋಲನ್ನು ತಿಕ್ಕಿ ತೊಳೆದು ಕೊಟ್ಟೆ. ಹಿಟ್ಟು ಸುರಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ, ಕಲಸಲಿಕ್ಕೆ ಹೋಯಿತು. ಅವಳು ಕೈ ಹಿಡಿದಳು. "ಮುಟ್ಬೇಡಿ ಅಕ್ಕ! ಬೇಯ್ಲಿ ಬಿಡಿ. ರೊಟ್ಟಿಯವರ ಕೈಗೆ ತಾಳ್ಮೇನೇ ಇಲ್ಲ." ಹಿಟ್ಟಿನ ಗುಡ್ಡೆ ಕುದಿಯುವ ನೀರಿನಲ್ಲಿ ಕೂತು ನಿಧಾನವಾಗಿ ಬೇಯುವುದನ್ನು ನೋಡುತ್ತಾ ನಿಲ್ಲುವುದೇ ಆ ಅಡುಗೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ.

ಒಂದು ವಾರದಲ್ಲಿ ಕೈ ಕುದುರಿತು. ನಾನೇ ಮುದ್ದೆಯನ್ನು ಗೋಲಿಯಷ್ಟು ಗೋಲಿಯಷ್ಟು ಮುರಿದು, ಬಟ್ಟಲಿನ ಬೇಳೆ ಸಾರಿನಲ್ಲಿ ಹಾಕಿ ಅತ್ತೆಯ ಮುಂದಿಡುತ್ತಿದ್ದೆ. ಅವರು ಚಮಚದಿಂದ ಎತ್ತಿ ನುಂಗುವುದು, ಬಾಯಿ ತೆರೆಯುವುದು, "ನೋಡ, ಹೋತು" ಅನ್ನುವುದು. ಇಡೀ ಮುದ್ದೆಯನ್ನು ಅವರು ಒಂದು ದಿನವೂ ಕೈಯಲ್ಲಿ ಹಿಡಿದು ಮುರಿಯಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕಾದವಳು ನಾನೇ ಆಗಿದ್ದೆ.

ಹೀಗಿರುವಾಗ ನಮ್ಮೂರ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅಕ್ಕೋರು ಮನೆಮನೆಗೆ ಬಂದರು. ಸಾಲಿಯ ಬಯಲಿನಲ್ಲಿ ಸಿರಿಧಾನ್ಯದ ಅಡುಗೆ ಸ್ಪರ್ಧೆಯಂತೆ. ಬರೀ ಅಡುಗೆ ಮಾಡಿದರೆ ಸಾಲದು. ಮಾಡುತ್ತಾ ಮಾಡುತ್ತಾ ಒಂದೊಂದು ಹಂತವನ್ನೂ ಒಡಪಿನ ಧಾಟಿಯಲ್ಲಿ, ಎರಡೆರಡು ಸಾಲಿನ ಪ್ರಾಸ ಕಟ್ಟಿ ಹೇಳಬೇಕು. ಒಟ್ಟು ಎಂಟು ಒಡಪು, ಒಂಬತ್ತಾಗುವಂತಿಲ್ಲ. ಕೊನೆಗೆ ಊರಿನ ಮೂವರು ಹಿರಿಯರು ರುಚಿ ನೋಡುತ್ತಾರೆ. "ನೋಡಿ ಕಲಿತವರು ಮನಿಗೆ ಹೋಗಿ ಮಾಡಬೇಕ್ರಿ. ಪದಾ ಆದ್ರ ನೆನಪ ಉಳಿತೈತಿ" ಅಂದರು ಅಕ್ಕೋರು.

ಒಡಪು ಅಂದ ಕೂಡಲೇ ನನಗೆ ನನ್ನ ಮದುವೆ ನೆನಪಾಯಿತು. ನಮ್ಮ ಕಡೆ ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವ ಮೊದಲು ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಸೇರಿಸಿ ಪ್ರಾಸ ಕಟ್ಟಿ ಹೇಳು ಅಂತ ಕಾಡುತ್ತಾರಲ್ಲ, ಅದೇ ಒಡಪು. ಮುಧೋಳದಿಂದ ಬರುವಾಗ ನಮ್ಮವ್ವ ನನಗೆ ಮೂರು ಒಡಪು ಬಾಯಿಪಾಠ ಮಾಡಿಸಿ ಕಳಿಸಿದ್ದಳು. ಹೊಸ್ತಿಲಲ್ಲಿ ನಿಂತಾಗ ಮೂರೂ ಮರೆತವು. ಹೆಸರೊಂದೇ ಬಂತು, ಅದೂ ಅರ್ಧ. ಒಳಗೆ ಆರತಿ ಹಿಡಿದು ನಿಂತಿದ್ದ ಅತ್ತೆ, "ಛಲೋ ಆತು, ಮೂಕಿ ಸೊಸಿ ತಂದೇವಿ" ಅಂದರು. ಮಂದಿ ಘೊಳ್ಳೆಂದು ನಕ್ಕರು. ಇಪ್ಪತ್ತು ವರ್ಷವಾಯಿತು, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ನಾನು ಅಕ್ಕೋರಿಗೆ ಒಲ್ಲೆ ಅನ್ನಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದರು. "ನಮ್ಮ ಸೊಸಿ ಹೆಸರ ಬರಕೋರಿ. ಮುದ್ದಿ ಮಾಡತಾಳ. ಈ ಊರಾಗ ಆಕಿ ಒಬ್ಬಾಕಿಗೇ ಬರತೈತಿ." ಖರೆ ಹೇಳಬೇಕೆಂದರೆ ನನಗೆ ಕಣ್ಣೀರು ಬಂತು. ಹೆದರಿಕೆಗೋ ಹಿಗ್ಗಿಗೋ ಗೊತ್ತಾಗಲಿಲ್ಲ.

ಪ್ರಾಸ ಕಟ್ಟಲು ಕೂತೆ. ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಬಾಯಲ್ಲಿ ಅದೇ. ಆಶ್ಚರ್ಯವೆಂದರೆ ಏಳು ಒಡಪು ಸರಸರ ಬಂದವು. ಎಂಟನೆಯದು ಸಿಕ್ಕಿಹಾಕಿಕೊಂಡಿತು. ಸಿಸ್ಟರ್ ಹೇಳಿದ್ದ ಮಾತನ್ನೇ ನಾನು ಸಾಲು ಮಾಡಿದ್ದೆ:

ಗೋಲಿಯಷ್ಟ ಮುರಿ ಮೊದಲ, ಸಾರಿನ್ಯಾಗ ಅದ್ದು,

ಇದರ ಜೋಡಿ ಸಾಲು ಬರಲೊಲ್ಲದು. ಮುದ್ದು, ಸದ್ದು, ಎದ್ದು, ಬಿದ್ದು ಎಲ್ಲವನ್ನೂ ತಂದು ಕೂರಿಸಿ ನೋಡಿದೆ. ಒಂದೂ ಒಪ್ಪಲಿಲ್ಲ. ಮೂರು ದಿನ ತಲೆ ತಿಂದಿತು. ಅದರ ಮೇಲೆ ಇನ್ನೊಂದು ಯೋಚನೆ, ಗಂಡನ ಹೆಸರಿಲ್ಲದ ಒಡಪು ಎಂಥ ಒಡಪು? ಚಪ್ಪಾಳೆ ಬೀಳುವುದೇ ಹೆಸರಿಗೆ. ಎಂಟರ ಲೆಕ್ಕದಲ್ಲಿ ಹೆಸರಿಗೆ ಜಾಗ ಬೇಕು. ಕೊನೆಗೆ ಸಿಟ್ಟು ಬಂದು ಅದ್ದುವ ಸಾಲನ್ನು ಹೊಡೆದುಹಾಕಿ, ಗಂಡನ ಹೆಸರಿನದನ್ನು ಬರೆದೆ.

ಸ್ಪರ್ಧೆಯ ಹಿಂದಿನ ದಿನ ನಮ್ಮನೆಯವರ ಮುಂದೆ ಎಂಟೂ ಹೇಳಿ ತೋರಿಸಿದೆ. ತಮ್ಮ ಹೆಸರು ಬಂದಾಗ ಅವರ ಮುಖ ಕೆಂಪಾಯಿತು. ಆದರೆ ಅವರು ನೇರ ಮನುಷ್ಯ. "ಸಣ್ಣಾಗಿ ಮುರಕೊಂಡ ಅದ್ದೋದು ಹೇಳಲಿಲ್ಲಲಾ?" ಅಂದರು.

"ಅದ ಎಲ್ಲಾರಿಗೂ ಗೊತ್ತಿರತೈತಿ ಬಿಡ್ರಿ" ಅಂತ ನಾನು ಹರಿಹಾಯ್ದೆ.

ಯಾರಿಗೆ ಗೊತ್ತಿತ್ತು? ನಮ್ಮೂರಲ್ಲಿ ಮುದ್ದೆಯನ್ನು ಕಣ್ಣಿನಿಂದ ಕಂಡವರೇ ನಾಲ್ಕು ಮಂದಿ. ಮೂರು ದಿನ ಕಾಡಿದ ಒಂದು ಪ್ರಾಸದ ಸಿಟ್ಟನ್ನು ನಾನು ಅವರ ಮೇಲೆ ತೀರಿಸಿಕೊಂಡೆ.

ಮರುದಿನ ಮುಂಜಾನೆ ಸಾಲಿಯ ಬಯಲಿನಲ್ಲಿ ಬೇವಿನ ಗಿಡದ ಕೆಳಗೆ ಗ್ಯಾಸಿನ ಒಲೆಗಳನ್ನು ಸಾಲಾಗಿ ಇಟ್ಟಿದ್ದರು. ಒಬ್ಬಳು ಸಜ್ಜೆ ರೊಟ್ಟಿ, ಒಬ್ಬಳು ನವಣೆಯ ಹುಗ್ಗಿ. ದೂರದಲ್ಲಿ, ಸಾಲಿಯ ಕಟ್ಟೆಯ ಮೇಲೆ ಸಿಸ್ಟರ್ ಮೇಜು ಹಾಕಿಕೊಂಡು ಬಂದವರ ಬಿಪಿ ನೋಡುತ್ತಿದ್ದಳು. ನನ್ನದನ್ನು ನೋಡಿ "ಅಕ್ಕ, ಯಾಕಿಷ್ಟು ಭಯ?" ಅಂದಳು. ನಾನು ಎದ್ದು ನನ್ನ ಒಲೆಯ ಮುಂದೆ ಹೋಗಿ ನಿಂತೆ.

ನನ್ನ ಸರದಿ ಬಂತು. ಅಕ್ಕೋರು ಮೈಕು ಹಿಡಿದರು. ಮುಂದೆ ನೂರು ಮುಖ. ಆ ಹೊಸ್ತಿಲು, ಆ ನಗು, ಎಲ್ಲ ಒಮ್ಮೆಲೇ ಎದುರಿಗೆ ಬಂತು. ಬೋಗುಣಿಗೆ ನೀರು ಸುರಿಯುವಾಗ ಅರ್ಧ ಹೊರಗೆ ಚೆಲ್ಲಿದೆ, ಮತ್ತೆ ಅಳೆದೆ. ಕಣ್ಣು ಮುಚ್ಚಿಕೊಂಡು ಶುರು ಮಾಡಿದೆ:

ಒಂದು ಬಟ್ಟಲ ಹಿಟ್ಟಿಗಿ ಎರಡು ಬಟ್ಟಲ ನೀರ,
ಅಳತಿ ತಪ್ಪಿದ ಮ್ಯಾಲ ನಮ್ಮತ್ತಿ ಮಾತು ಖಾರ.

ಜನ ನಕ್ಕರು. ಈ ನಗು ಬೇರೆ ಥರದ್ದಾಗಿತ್ತು. ಕಣ್ಣು ಬಿಟ್ಟೆ.

ಚಮಚಾ ಹಿಟ್ಟ ತಣ್ಣೀರಾಗ ಗಂಟಿಲ್ಲದಂಗ ಕಲಸು,
ಚಿಟಿಕಿ ಉಪ್ಪ, ಹನಿ ಎಣ್ಣಿ ಕೂಡಿಸಿ ಎಸರಿಗೆ ಬೆರಸು.

ಕೊತಕೊತ ಕುದಿಯೋ ಎಸರಿನ್ಯಾಗ ಹಿಟ್ಟ ಗುಡ್ಡಿ ಸುರಿ,
ಕೈ ಹಚ್ಚಬ್ಯಾಡ, ಕಲಸಬ್ಯಾಡ, ಕಡಿಮಿ ಮಾಡ ಉರಿ.

ನಟ್ಟನಡುವ ಕೋಲ ಊರಿ ಮಾಡು ಒಂದು ತೂತ,
ಐದ ನಿಮಿಷ ಬೇಯಲಿ ಹಿಟ್ಟ ಕುದಿನೀರ ಕುಡಕೋತ.

ಆ ಐದು ನಿಮಿಷ! ಹೇಳಲಿಕ್ಕೆ ಸಾಲಿಲ್ಲ, ಮಾಡಲಿಕ್ಕೆ ಕೆಲಸವಿಲ್ಲ. ಗುಡ್ಡೆಯ ಸುತ್ತ, ಕೋಲಿನ ತೂತಿನೊಳಗೆ ನೀರು ಬುಳುಬುಳು ಅನ್ನುತ್ತಿತ್ತು. ಜನ ಸುಮ್ಮನೆ ನೋಡುತ್ತಿದ್ದರು. ನಾನು ಕೋಲನ್ನೇ ಹಿಡಿದು ನಿಂತೆ. ಆಮೇಲೆ ಬೋಗುಣಿಯನ್ನು ಕೆಳಗಿಳಿಸಿ, ಇಕ್ಕಳದಿಂದ ಒತ್ತಿ ಹಿಡಿದು ತಿರುವತೊಡಗಿದೆ.

ಇಕ್ಕಳದಾಗ ಬೋಗುಣಿ ಹಿಡಿ, ತಿರುವು ಕೋಲ ಗಟ್ಟಿ,
ಗಂಟು ಒಡಿಯೂತನಕ ಬಿಡಬ್ಯಾಡ, ಸೋತರ ಸೋಲಲಿ ರಟ್ಟಿ.

ಮುಚ್ಚಳ ಮುಚ್ಚಿ ಸಣ್ಣ ಉರಿಗೆ ಉಗಿಯೊಳಗ ಮತ್ತ ಇಡು,
ಒದ್ದಿ ಬೆರಳಿಗೆ ಅಂಟಲಿಲ್ಲಂದ್ರ ಒಲಿ ಆರಿಸಿ ಬಿಡು.

ಪರಾತಕ ನೀರ ಸವರಿ, ಕೈ ಒದ್ದಿ ಮಾಡಿ ನಾದು,
ಬಿಸಿ ಇದ್ದಾಗ ಗುಂಡಗ ಕಟ್ಟು, ಬಿರಕ ಬಿಡಬಾರದು.

ಅಂಗೈ ಸುಡುತ್ತಿತ್ತು, ಗೊತ್ತಾಗಲಿಲ್ಲ. ಮೂರು ಮುದ್ದೆ ಹೊಳೆಯುತ್ತಾ ಕೂತವು. ಒಂದು ಬಿರುಕಿಲ್ಲ. ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಬೇಳೆ ಸಾರು ಬಡಿಸಿದೆ. ಅಲ್ಲಿ ನನಗೆ ಸಹಾಯಕ್ಕೆ ನಿಂತಿದ್ದ ಪಕ್ಕದ ಮನೆಯಾಕೆ, ರೂಢಿಯಂತೆ ಒಂದೊಂದು ತಟ್ಟೆಯ ಅಂಚಿಗೆ ಗುರೆಳ್ಳು ಚಟ್ನಿ ಪುಡಿಯನ್ನೂ ಹಾಕಿದಳು. ನಮ್ಮಲ್ಲಿ ಚಟ್ನಿ ಇಲ್ಲದ ತಟ್ಟೆ ಬೋಳು ಹಣೆಯ ಹಾಗೆ. ನಾನು ಬೇಡ ಅನ್ನಲಿಲ್ಲ. ಕೊನೆಯದನ್ನು ಹೇಳಿದೆ. ಅವರ ಹೆಸರಿನ ಜಾಗದಲ್ಲಿ ಇಲ್ಲಿ 'ನಮ್ಮನಿಯವರು' ಅಂತಲೇ ಬರೆಯುತ್ತೇನೆ:

ಅಗಿಬ್ಯಾಡ, ನುಂಗಿಬಿಡು, ಇದ ಮುದ್ದಿ ಕಲಿಸೋ ಪಾಠ,
ನಮ್ಮನಿಯವರ ಹೆಸರ ಹೇಳಿ ಬಡಸಾಕತ್ತೇನಿ ಊಟ.

ಚಪ್ಪಾಳೆ ಬಿತ್ತು ನೋಡಿ, ಅಂಥ ಚಪ್ಪಾಳೆಯನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ನಾನು ನಗುತ್ತಾ ತಟ್ಟೆ ಎತ್ತಿಕೊಂಡು ಹಿರಿಯರ ಕಡೆ ತಿರುಗಿದೆ. ಮೂರನೆಯ ಕುರ್ಚಿಯಲ್ಲಿ ನಮ್ಮತ್ತೆ ಕೂತಿದ್ದರು.

ಬರಬೇಕಾಗಿದ್ದ ಹಿರಿಯರೊಬ್ಬರು ಬರಲಿಲ್ಲವಂತೆ. ಅಕ್ಕೋರು ಜನರ ನಡುವೆ ಕೂತಿದ್ದ ಅತ್ತೆಯನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂರಿಸಿದ್ದರು. ತಟ್ಟೆ ಮುಟ್ಟಿಸುವಾಗ ನಾನು ಬಗ್ಗಿ ಮೆಲ್ಲಗೆ, "ಅತ್ತೀ, ನಾ ಮುರದ ಕೊಡ್ತೇನ್ರಿ" ಅಂದೆ.

"ಯಾಕ, ನನಗ ಕೈ ಇಲ್ಲೇನ?" ಅಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. ಅಕ್ಕೋರೂ ನಗುತ್ತಾ, "ಬಡಿಸಿದ ಮ್ಯಾಲ ಮಾಡಿದವರು ಮುಟ್ಟೂ ಹಂಗಿಲ್ರಿ" ಅಂದರು. ನೂರು ಜನ ನೋಡುತ್ತಿದ್ದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆ ಒಂದು ಹೆಜ್ಜೆಗೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಅತ್ತೆ ಮುದ್ದೆಯನ್ನು ರೊಟ್ಟಿಯ ಹಾಗೆ ಹರಿದರು. ಲಿಂಬೆಹಣ್ಣಿನ ಗಾತ್ರದ ತುಂಡು. ಸಾರಿನ ಬಟ್ಟಲಿನ ಕಡೆ ಕೈ ಹೋಗಲೇ ಇಲ್ಲ, ರೊಟ್ಟಿಯವರ ಕೈ ಚಟ್ನಿಯ ಕಡೆಗೇ ಹೋಗುವುದು. ಒಣ ಪುಡಿಯಲ್ಲಿ ಒತ್ತಿ, ಬಾಯಿಗೆ ಹಾಕಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ಒಡಪಿನಲ್ಲಿ ಹೇಳಿದ ಹಾಗೆಯೇ, ಅಗಿಯಲಿಲ್ಲ. ನುಂಗಿದರು.

ಅವರು ಬಾಯಿ ತೆರೆಯುವುದನ್ನು ಕಾದೆ. ತೆರೆಯಲಿಲ್ಲ.

ಪಕ್ಕದ ಇಬ್ಬರು ಹಿರಿಯರು ಇನ್ನೂ ಸಾರಿನ ಬಟ್ಟಲು ಸರಿಸಿಕೊಳ್ಳುತ್ತಿದ್ದರು. ಅಕ್ಕೋರು ಮೈಕಿನಲ್ಲಿ ನನ್ನನ್ನು ಹೊಗಳುತ್ತಿದ್ದರು. ಆ ಗದ್ದಲದಲ್ಲಿ ಅತ್ತೆ ಒಂದೇ ಒಂದು ಸದ್ದು ಮಾಡದೆ ಕೂತಿದ್ದರು, ಕಣ್ಣು ದೊಡ್ಡದಾಗಿ. ಕೈ ನಿಧಾನವಾಗಿ ಗಂಟಲಿಗೆ ಹೋಯಿತು. ತಟ್ಟೆ ಜಾರಿ ಬಿತ್ತು.

"ನೀರ ತರ್ರಿ, ನೀರ!" ಅಂತ ಯಾರೋ ಕೂಗಿದರು. ಯಾರೋ ತಂಬಿಗೆ ತಂದು ಬಾಯಿಗೆ ಹಿಡಿಯಲಿಕ್ಕೆ ಬಂದರು. ಕಟ್ಟೆಯಿಂದ ಸಿಸ್ಟರ್ ಚೀರುತ್ತಾ ಓಡಿ ಬರುತ್ತಿದ್ದಳು. "ನೀರು ಬೇಡ! ಬಗ್ಗಿಸಿ ಅಕ್ಕ, ಹೊಡೀರಿ!" ಬಯಲಿನ ಆ ತುದಿಯಿಂದ ಈ ತುದಿಗೆ ಅವಳು ಬರುವ ಹೊತ್ತು ಇರಲಿಲ್ಲ. ಅತ್ತೆಯ ತುಟಿ ನೀಲಿಯಾಗತೊಡಗಿತ್ತು. ನಾನು ತಂಬಿಗೆಯನ್ನು ತಳ್ಳಿ, ಅತ್ತೆಯನ್ನು ಮುಂದಕ್ಕೆ ಬಗ್ಗಿಸಿ, ಎಡಗೈಯಲ್ಲಿ ಎದೆಗೆ ಆಸರೆ ಕೊಟ್ಟು, ಬಲಗೈ ಎತ್ತಿದೆ.

ಎತ್ತಿದ ಕೈ ಒಂದು ಕ್ಷಣ ಹಾಗೇ ನಿಂತಿತು. ಇಪ್ಪತ್ತು ವರ್ಷ ಅವರ ಎದುರು ದನಿ ಎತ್ತಿದವಳಲ್ಲ ನಾನು. ಊರೆಲ್ಲ ನೋಡುತ್ತಿತ್ತು. ಆಮೇಲೆ ಹೊಡೆದೆ. ಮೊದಲನೆಯದು ಮೆತ್ತಗೆ ಬಿತ್ತು, ಏನೂ ಆಗಲಿಲ್ಲ. ಎರಡನೆಯದಕ್ಕೆ ಪಾಪ ಅನ್ನುವುದನ್ನು ಬಿಟ್ಟೆ. ಇಪ್ಪತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಮೂರು. ನಾಲ್ಕು. "ಉಗುಳ್ರಿ ಅತ್ತೀ, ಉಗುಳ್ರಿ!" ಅಂತ ನಾನು ಅಳುತ್ತಾ ಒದರುತ್ತಿದ್ದೆ. ಐದನೆಯದಕ್ಕೆ ಅವರ ಬಾಯಿಂದ ಕಪ್ಪಗಿನ ತುಂಡು ಮಣ್ಣಿಗೆ ಬಿತ್ತು. ಗಂಟಲಲ್ಲಿ ಗೊರ್ ಅಂತ ಉಸಿರು ಎಳೆದುಕೊಂಡರು. ಆಮೇಲೆ ಕೆಮ್ಮಿದರು. ಆ ಕೆಮ್ಮು ಕೇಳಿ ನಾನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತೆ.

ಸಿಸ್ಟರ್ ಬಂದು ಅವರ ಬಾಯಿ, ನಾಡಿ ನೋಡಿದಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಎದೆಯ ಸದ್ದು ಕೇಳಿ, ಎರಡು ತಾಸು ಕೂರಿಸಿಕೊಂಡು, ಏನೂ ತೊಂದರೆ ಇಲ್ಲ ಅಂದರು. ಬೆನ್ನಿನ ಮೇಲೆ ಮಾತ್ರ ನನ್ನ ಅಂಗೈ ಕೆಂಪಗೆ ಮೂಡಿತ್ತು. ಸಂಜೆ ಅದರ ಮೇಲೆ ಬಿಸಿ ನೀರಿನ ಬಟ್ಟೆ ಒತ್ತಿದೆ. ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮೂರನೆಯ ದಿನ ಅಕ್ಕೋರು ಬಂದರು. ಬಹುಮಾನ ಸಜ್ಜೆ ರೊಟ್ಟಿಯಾಕೆಗೆ ಹೋಗಿತ್ತು, ಅದು ನನಗೆ ಬೇಕೂ ಇರಲಿಲ್ಲ. ಅವರು ಬಂದದ್ದು ಬೇರೆ ಕೆಲಸಕ್ಕೆ. "ನಿಮ್ಮ ಮುದ್ದಿ ಪದಾ ಭಾಳ ಮಂದಿ ಕೇಳಾಕತ್ತಾರ್ರಿ. ಅಂಗನವಾಡಿ ಗ್ವಾಡಿ ಮ್ಯಾಲ ಬರಸೋಣಂತ."

ನಾನು ಆ ಹಾಳೆಯನ್ನು ಅಡುಗೆಮನೆಯ ಗೂಡಿನಿಂದ ತೆಗೆದೆ. ಎರಡು ತುಂಡು ಮಾಡಲು ಹಿಡಿದೆ. "ಬ್ಯಾಡ್ರಿ ಅಕ್ಕೋರ. ಇದನ್ನ ಕೇಳಿ ಯಾರದರ ಮನ್ಯಾಗ ಇನ್ನೊಬ್ಬ ಮುದುಕಿ… ಬ್ಯಾಡ. ನಾ ಬರಿಯೂದ ತಪ್ಪ ಬರದೇನಿ. ಅದ್ದೂದು, ಸಣ್ಣ ಮುರಿಯೂದು ಗೊತ್ತಿತ್ತು ನನಗ. ಗೊತ್ತಿದ್ದೂ ಬಿಟ್ಟೇನಿ, ಪ್ರಾಸ ಬರಲಿಲ್ಲಂತ." ಅತ್ತೆಯ ಮುಂದೆ ಇದನ್ನು ಒಪ್ಪಿಕೊಳ್ಳಬೇಕಾಗಿ ಬರುತ್ತದೆ ಅಂತ ಮೂರು ದಿನದಿಂದ ಹೆದರಿಕೊಂಡಿದ್ದೆ. ಹೇಳಿದ ಮೇಲೆ ಅವರ ಕಡೆ ನೋಡುವ ಧೈರ್ಯ ಬರಲಿಲ್ಲ.

"ಹರಿಬ್ಯಾಡ" ಅಂದರು ಅತ್ತೆ ಮಂಚದ ಮೇಲಿಂದ. ದನಿ ಇನ್ನೂ ಗೊಗ್ಗರಾಗಿತ್ತು. "ಎಂಟನೇದ ಓದ."

ಓದಿದೆ.

"ಅದರಾಗ ನನ್ನ ಮಗನ ಹೆಸರ ತಗಿ. ಅವನ ಹೆಸರಿಲೆ ಯಾರ ಗಂಟಲದಾಗೂ ತುತ್ತ ಇಳಿಯೂದಿಲ್ಲ. ನೀ ಬಿಟ್ಟ ಸಾಲ ಯಾವದ ಐತಿ, ಅದನ್ನ ಹೇಳ."

ನಾನು ಮೆಲ್ಲಗೆ ಹೇಳಿದೆ. "ಗೋಲಿಯಷ್ಟ ಮುರಿ ಮೊದಲ, ಸಾರಿನ್ಯಾಗ ಅದ್ದು…"

ಅತ್ತೆ ಯೋಚನೆ ಮಾಡಲೂ ಇಲ್ಲ. ಒಂದು ಕೈ ಹಿಂದಕ್ಕೆ ಹಾಕಿ ಬೆನ್ನು ಸವರಿಕೊಳ್ಳುತ್ತಾ ಅಂದರು:

"ಇಲ್ಲಂದ್ರ ಸೊಸಿ ಕೈಲೆ ಬೆನ್ನಿಗಿ ಬೀಳತಾವ ಗುದ್ದು!"

ಅಕ್ಕೋರು ಬಿದ್ದು ಬಿದ್ದು ನಕ್ಕರು. ನನಗೆ ನಗಲಿಕ್ಕಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅತ್ತೆ ಅಕ್ಕೋರ ಕಡೆ ತಿರುಗಿ, "ಬರಸ್ರಿ ಗ್ವಾಡಿ ಮ್ಯಾಲ. ದೊಡ್ಡ ಅಕ್ಷರದಾಗ ಬರಸ್ರಿ. ಮೂಕಿ ಸೊಸಿ ಅಲ್ಲ ಈಕಿ, ಕೈನೂ ಗಟ್ಟಿ ಅದಾವ" ಅಂದರು.

ಈಗ ಅಂಗನವಾಡಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಎಂಟು ಒಡಪುಗಳಿವೆ. ಗಂಡನ ಹೆಸರಿಲ್ಲದ ಒಡಪು ಅಂತ ಕೆಲವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅತ್ತೆ ಈಗ ಮುದ್ದೆಯನ್ನು ನನ್ನ ಕೈಗೆ ಕೊಡುವುದಿಲ್ಲ, ತಾವೇ ಮುರಿಯುತ್ತಾರೆ. ಮುರಿದ ತುಂಡನ್ನು ಎತ್ತಿ ನನಗೆ ತೋರಿಸುತ್ತಾರೆ, ಗೋಲಿಯಷ್ಟೇ ಇದೆಯೋ ನೋಡು ಅಂತ. ನಾನು ತಲೆ ಆಡಿಸಿದ ಮೇಲೆ ಸಾರಿನಲ್ಲಿ ಮುಳುಗಿಸಿ ನುಂಗುತ್ತಾರೆ. ಆಮೇಲೆ ನಾನು ಉಸಿರು ಹಿಡಿದು ಕೂತಿರುತ್ತೇನೆ, ದಿನಾ, ಒಂದೊಂದು ತುತ್ತಿಗೂ. ಮೊದಲೆಲ್ಲ ಅವರು ನನ್ನನ್ನು ಚುಡಾಯಿಸಲಿಕ್ಕೆ ಬೇಕಂತಲೇ ಬಾಯಿ ತೆರೆಯಲು ತಡ ಮಾಡುತ್ತಿದ್ದರು. ಈಗ ತಡ ಮಾಡುವುದಿಲ್ಲ. ತುತ್ತು ಇಳಿದ ಕೂಡಲೇ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ, "ನೋಡವಾ, ಹೋತು. ಅಂಜಬ್ಯಾಡ" ಅನ್ನುತ್ತಾರೆ.